ಪಾಡ್‌ಕಾಸ್ಟ್‌ಗೆ ಗೆಸ್ಟ್ ಆಗಿ ಬರ್ತೀನಿ ಅಂತ ಮೆಸೇಜ್ ಹಾಕಿದ್ರೆ ಒಬ್ರೂ ರಿಪ್ಲೈ ಮಾಡ್ತಿಲ್ಲ, ಮೇಲ್‌ದೇನಾದ್ರೂ ಪ್ರಾಬ್ಲಮ್ಮಾ?

ಬೆಣ್ಣೆದೋಸೆ_ಟೀಚರ್

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಟ್ಯೂಷನ್ ಮಾಡ್ತೀನಿ, ಮನೇಲೊಂದು ಬ್ಯಾಚು, ಆನ್‌ಲೈನಲ್ಲೊಂದು. ಆನ್‌ಲೈನ್ ಅಂತ ಹೆಸರಿಗಷ್ಟೇ, ಬರೋರೆಲ್ಲ ಇಲ್ಲೇ ಓದಿ ಹೋದ ಮಕ್ಕಳ ತಮ್ಮ ತಂಗಿಯರು, ಅದೇ ನಾಲ್ಕು ಬಡಾವಣೆ ಜನ. ಹೊಸಬ್ರಿಗೂ ಗೊತ್ತಾಗ್ಲಿ ಅಂತ ಕನ್ನಡ ಪಾಡ್‌ಕಾಸ್ಟ್‌ನೋರಿಗೆ, ಪೇರೆಂಟ್ಸ್ ವೆಬಿನಾರ್ ಮಾಡೋರಿಗೆ ಮೇಲ್ ಹಾಕ್ತಾ ಇದೀನಿ. ಜನವರಿಯಿಂದ ಹಾಕಿದೀನಿ, ರಿಪ್ಲೈ ಇಲ್ಲ. ಮೇಲ್ ಸ್ಪ್ಯಾಮ್‌ಗೆ ಹೋಗ್ತಿದ್ಯಾ ಅಥವಾ ಬರೆದಿರೋದೇ ಸರಿಯಿಲ್ವಾ ಅಂತ ಹೇಗೆ ಗೊತ್ತಾಗತ್ತೆ? ಕಳಿಸಿದ್ದು ಇದು:

> ವಿಷಯ: ಅತಿಥಿಯಾಗಿ ಭಾಗವಹಿಸುವ ಕುರಿತು
>
> ಮಾನ್ಯರೇ, ನಾನು ಎಂಎಸ್ಸಿ, ಬಿಎಡ್ ಪದವೀಧರೆ. ಗಣಿತ ಬೋಧನೆಯಲ್ಲಿ ಅಪಾರ ಅನುಭವವಿದೆ. ನಿಮ್ಮ ಪಾಡ್‌ಕಾಸ್ಟ್ ತುಂಬಾ ಚೆನ್ನಾಗಿ ಮೂಡಿಬರುತ್ತಿದೆ. ಶಿಕ್ಷಣ, ಗಣಿತದ ಭಯ, ಪೋಷಕರ ಪಾತ್ರ, ಪರೀಕ್ಷಾ ತಯಾರಿ ಮುಂತಾದ ಯಾವುದೇ ವಿಷಯದ ಬಗ್ಗೆ ಮಾತನಾಡಲು ಸಿದ್ಧಳಿದ್ದೇನೆ. ನನ್ನ ಪರಿಚಯ, ಭಾವಚಿತ್ರ, ವಿದ್ಯಾರ್ಥಿಗಳ ಫಲಿತಾಂಶ ಹಾಗೂ ಡೆಮೋ ತರಗತಿಯ ವಿಡಿಯೋ ಲಗತ್ತಿಸಿದ್ದೇನೆ. ಅವಕಾಶ ನೀಡಬೇಕಾಗಿ ವಿನಂತಿ.

ಸರ್ವರ್_ಸೀನ

ಮೇಡಂ ಇದು ಪಕ್ಕಾ ಸ್ಪ್ಯಾಮ್ ಕೇಸು. ಪರಿಚಯವೇ ಇಲ್ಲದ ಐಡಿಯಿಂದ ಒಂದೇ ಮೇಲಲ್ಲಿ ಪಿಡಿಎಫ್, ಫೋಟೋ, ವಿಡಿಯೋ ಎಲ್ಲ ಬಂದ್ರೆ ಫಿಲ್ಟರ್ ಸುಮ್ನೆ ಬಿಡಲ್ಲ. ಇನ್ನೊಂದು ನೋಡಿ, ಅಟ್ಯಾಚ್‌ಮೆಂಟ್ 25 ಎಂಬಿ ದಾಟಿದ್ರೆ ಜಿಮೇಲ್ ತಾನೇ ಅದನ್ನ ಡ್ರೈವ್ ಲಿಂಕ್ ಮಾಡಿಬಿಡತ್ತೆ, ನೀವು ಅಟ್ಯಾಚ್ ಮಾಡಿದೀನಿ ಅಂದ್ಕೊಂಡಿರ್ತೀರ, ಆ ಕಡೆಯವರಿಗೆ ಪರ್ಮಿಷನ್ ಕೇಳಿ ಅಂತ ಬರ್ತಿರತ್ತೆ. ಡ್ರೈವಲ್ಲಿ ಆ ಫೈಲಿನ ಶೇರ್ ತೆಗೆದು ನೋಡಿ, `Restricted` ಅಂತಿದ್ರೆ `Anyone with the link` ಮಾಡಿ. ಎಲ್ರಿಗೂ ಒಟ್ಟಿಗೆ ಬಿಸಿಸಿ ಹಾಕಿದ್ರಾ? ಹಾಕಿದ್ರೆ ಅದೂ ಒಂದು ಕಾರಣ.

ಬೆಣ್ಣೆದೋಸೆ_ಟೀಚರ್

ಬಿಸಿಸಿ ಇಲ್ಲ ಸರ್, ಒಬ್ಬೊಬ್ರಿಗೂ ಬೇರೆ ಬೇರೆ ಹಾಕಿದ್ದು. ನೀವು ಹೇಳಿದ್ಮೇಲೆ ನಮ್ಮ ಅಣ್ಣನ ಆಫೀಸ್ ಐಡಿಗೆ, ಇನ್ನೊಬ್ಬ ಫ್ರೆಂಡ್ ಐಡಿಗೆ ಅದೇ ಮೇಲ್ ಕಳಿಸಿ ನೋಡಿದೆ, ಎರಡೂ ಕಡೆ ಇನ್‌ಬಾಕ್ಸಿಗೇ ಹೋಗಿದೆ. ಆದ್ರೆ ಡ್ರೈವ್ ವಿಷ್ಯ ನಿಜ, ಫ್ರೆಂಡಿಗೆ ವಿಡಿಯೋ ಓಪನ್ ಆಗ್ಲಿಲ್ಲ, ಈಗ ಸರಿ ಮಾಡಿದೆ. ಮತ್ತೆ ಇವತ್ತೇ ಒಂದು ಚಾನೆಲ್‌ನಿಂದ ರಿಪ್ಲೈ ಬಂತು, "ಪ್ರಮೋಷನ್ ಪ್ಯಾಕೇಜ್ ಡೀಟೇಲ್ಸ್ ಕಳಿಸ್ತೀವಿ ಮೇಡಂ" ಅಂತ. ನಾನು ಆ್ಯಡ್ ಕೇಳಿರ್ಲೇ ಇಲ್ಲ!

ಅಬ್ಯಾಕಸ್_ಅಮ್ಮ

ಅಯ್ಯೋ ಗೆಸ್ಟ್ ಬೇಕಾ, ನಾನ್ ಬರ್ತೀನಿ ರೀ. ತುಮಕೂರಲ್ಲಿ ಅಬ್ಯಾಕಸ್ ಕ್ಲಾಸ್ ನಡೆಸ್ತೀನಿ, ಯಾವ್ ಟೈಮಾದ್ರೂ ಓಕೆ, ನಂದೇ ಮೈಕ್ ಇದೆ.

ಸರ್ವರ್_ಸೀನ

ಅಕ್ಕ, ಅವ್ರು ಗೆಸ್ಟ್ ಹುಡುಕ್ತಿಲ್ಲ, ಅವ್ರೇ ಗೆಸ್ಟ್ ಆಗ್ಬೇಕು ಅಂತಿದಾರೆ 😀

ಮೈಕ್_ಹಿಂದಿನವ

ನಾನೊಂದು ಕನ್ನಡ ಪಾಡ್‌ಕಾಸ್ಟಲ್ಲಿ ಗೆಸ್ಟ್ ಫಿಕ್ಸ್ ಮಾಡೋ ಕೆಲಸ ಮಾಡ್ತೀನಿ, ಇಂಥ ಮೇಲ್ ದಿನಾ ಓದ್ತೀನಿ. ಸೀನಣ್ಣ ಹೇಳಿದ ಡ್ರೈವ್ ಪಾಯಿಂಟ್ ಕರೆಕ್ಟು, ಆದ್ರೆ ರಿಪ್ಲೈ ಬರದೇ ಇರೋಕೆ ಕಾರಣ ಅದಲ್ಲ. ಪ್ಯಾಕೇಜ್ ಅಂತ ರಿಪ್ಲೈ ಬಂತಲ್ಲ, ಅಂದ್ರೆ ಮೇಲ್ ತಲುಪಿದೆ, ಓದಿದಾರೆ, ಓದಿ ಇದು ಜಾಹೀರಾತು ಅಂತ ತಿಳ್ಕೊಂಡಿದಾರೆ. ಯೂಟ್ಯೂಬ್ ಚಾನೆಲ್ ಪೇಜಲ್ಲಿ ಕಾಣೋ ಬಿಸಿನೆಸ್ ಮೇಲ್ ಐಡಿ ಬಹಳ ಕಡೆ ಸ್ಪಾನ್ಸರ್ ನೋಡ್ಕೊಳ್ಳೋರ ಕೈಲಿ ಇರತ್ತೆ, ಅವರಿಗೆ "ನಾನು, ನನ್ನ ಡಿಗ್ರಿ, ನನ್ನ ರಿಸಲ್ಟ್" ಅಂತ ಬಂದ್ರೆ ಇನ್ನೊಂದು ಕೋಚಿಂಗ್ ಸೆಂಟರ್‌ನೋರು ಅಂತಾನೇ ಲೆಕ್ಕ.

ನಾವು ಮೇಲ್ ಓದುವಾಗ ಹುಡುಕೋದು ಒಂದೇ, ಇದ್ರಲ್ಲಿ ಎಪಿಸೋಡ್ ಇದೆಯಾ ಅಂತ. "ಯಾವುದೇ ವಿಷಯ" ಅಂದ್ರೆ ವಿಷಯ ಹುಡುಕೋ ಕೆಲಸಾನ ನಮ್ಮ ತಲೆಗೆ ಕಟ್ಟಿದ ಹಾಗೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ, ಗಣಿತದೋರು ಅಂದ ತಕ್ಷಣ ನಮಗೆ ಬರೋ ಭಯ ಏನು ಗೊತ್ತಾ, ಬೋರ್ಡಿಲ್ದೆ ಈಯಮ್ಮ ಏನ್ ಹೇಳ್ತಾರೆ ಅಂತ. ಕೇಳೋರು ಸಿಲ್ಕ್ ಬೋರ್ಡಲ್ಲಿ ಗಾಡಿ ಓಡಿಸ್ತಾ ಕೇಳ್ತಿರ್ತಾರೆ, x² ಅಂದ್ರೆ ಬೇರೆ ಎಪಿಸೋಡಿಗೆ ಹೋಗ್ತಾರೆ. ನಿಮ್ಮ ಡೆಮೋ ವಿಡಿಯೋದಲ್ಲಿ ಬೋರ್ಡ್ ಮೇಲೆ ಬರೀತಾ ಇರ್ತೀರ ಅಲ್ವಾ? ನಮಗೆ ಅದ್ರಿಂದ ಏನೂ ಗೊತ್ತಾಗಲ್ಲ. ಬರೀ ಕಿವಿಗೆ ಗಣಿತ ಹೇಳಬಲ್ಲೆ ಅಂತ ಮೆಸೇಜಲ್ಲೇ ತೋರಿಸ್ಬೇಕು. ಅದಕ್ಕೇ ಕೇಳ್ತೀನಿ, ಅಪ್ಪಅಮ್ಮಂದಿರಿಗೆ ಗೊತ್ತಿಲ್ಲದ, ನಿಮಗೆ ಕ್ಲಾಸಲ್ಲಿ ದಿನಾ ಕಾಣೋ ಒಂದು ಸಂಗತಿ ಹೇಳಿ. ಒಂದೇ.

ಬೆಣ್ಣೆದೋಸೆ_ಟೀಚರ್

ಒಂದೇ ಅಂದ್ರೆ... ಹತ್ತನೇ ಕ್ಲಾಸಿಗೆ ಬಂದಿರೋ ಮಕ್ಕಳಿಗೆ ಮೈನಸ್ 3 ಮೈನಸ್ 5 ಎಷ್ಟು ಅಂದ್ರೆ ಪ್ಲಸ್ 8 ಅಂತಾರೆ ಸರ್. "ಮೈನಸ್ ಮೈನಸ್ ಪ್ಲಸ್" ಅಂತ ಬಾಯಿಪಾಠ ಮಾಡಿರ್ತಾರಲ್ಲ, ಅದು ಗುಣಾಕಾರಕ್ಕೆ, ಇವ್ರು ಕೂಡೋವಾಗ್ಲೂ ಹಾಕಿಬಿಡ್ತಾರೆ. ಮಕ್ಕಳು ವರ್ಗ ಸಮೀಕರಣ ಕಷ್ಟ ಅಂತಾರೆ. x² − 8x + 15 = 0 ಕೊಟ್ರೆ −8x ನ −3x −5x ಅಂತ ಒಡೀಬೇಕು, ಅವರ ಲೆಕ್ಕದಲ್ಲಿ ಅವೆರಡು ಸೇರಿದ್ರೆ +8 ಆಗತ್ತೆ, ಹಾಗಾಗಿ ಇದು ಬರಲ್ಲ ಅಂತ ಬಿಟ್ಟು ಬೇರೇನೋ ಹುಡುಕ್ತಾ ಕೂತ್ಕೋತಾರೆ. ಪಾಠ ಅರ್ಥ ಆಗಿದೆ, ಸಿಕ್ಕಿಬಿದ್ದಿರೋದು ಏಳನೇ ಕ್ಲಾಸಿನ ಲೆಕ್ಕದಲ್ಲಿ. ಅಪ್ಪಅಮ್ಮ ಹತ್ತನೇ ಪಾಠಾನೇ ಮತ್ತೆ ಮತ್ತೆ ಮಾಡಿಸ್ತಾರೆ.

ಮೈಕ್_ಹಿಂದಿನವ

ಮೇಡಂ, ಇದೇ ಎಪಿಸೋಡ್! ಇದನ್ನ ಬಿಟ್ಟು ಡಿಗ್ರಿ ಬರೆದು ಕಳಿಸಿದೀರಲ್ಲ. ಗಾಡಿ ಓಡಿಸೋರಿಗೂ "ಮನೆಗೆ ಹೋಗಿ ಮಗಳಿಗೆ ಇದೊಂದು ಕೇಳಿ" ಅನ್ನಬಹುದು, ಬೋರ್ಡೇ ಬೇಡ.

ಟೈಮಿಂಗೂ ನಿಮ್ಮ ಕಡೆಗಿದೆ. 2024ರಿಂದ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, ಪರೀಕ್ಷೆ-2 ಅಂತ ಆಗಿದೆಯಲ್ಲ, 2024, 2025 ಎರಡೂ ವರ್ಷ ಪರೀಕ್ಷೆ-1ರ ರಿಸಲ್ಟ್ ಮೇ ಮೊದಲೆರಡು ವಾರದಲ್ಲಿ ಬಂತು. ಆ ವಾರ ಗಣಿತದಲ್ಲಿ ಹೋದ ಮಗುವಿನ ಮನೇಲಿ ಏನ್ ಮಾಡೋದು ಅಂತ ಹುಡುಕ್ತಿರ್ತಾರೆ. ನಮ್ಮಲ್ಲಿ ಮಾತಾಡಿ, ರೆಕಾರ್ಡ್ ಆಗಿ, ಎಡಿಟ್ ಆಗಿ ಹೊರಗೆ ಬರೋಕೆ ಐದಾರು ವಾರ ಹಿಡಿಯತ್ತೆ, ಅದಕ್ಕೆ ಮಾರ್ಚಲ್ಲೇ ಕೇಳಿ. ಮೇ ತಿಂಗಳಲ್ಲಿ ಕೇಳಿದ್ರೆ ಎಪಿಸೋಡ್ ಬರೋ ಹೊತ್ತಿಗೆ ಪರೀಕ್ಷೆ-2 ಮುಗಿದಿರತ್ತೆ.

ಶೋ ಆರಿಸೋದೂ ನೋಡ್ಕೊಳ್ಳಿ. ಶಿಕ್ಷಣದ ಪಾಡ್‌ಕಾಸ್ಟ್ ಕೇಳೋರು ಹೆಚ್ಚಾಗಿ ಟೀಚರ್‌ಗಳೇ, ಅವ್ರು ನಿಮ್ಮ ಬ್ಯಾಚಿಗೆ ಸೇರಲ್ಲ. ಮನೆ ಖರ್ಚು, ಆರೋಗ್ಯ, ಮಕ್ಕಳು ಅಂತ ಮಾತಾಡೋ ಶೋಗಳಲ್ಲಿ ಅಪ್ಪಅಮ್ಮ ಇರ್ತಾರೆ. ಹೊಸ ಮೆಸೇಜ್ ಬರೆದು ಇಲ್ಲಿ ಹಾಕಿ ನೋಡೋಣ.

ಬೆಣ್ಣೆದೋಸೆ_ಟೀಚರ್

> ವಿಷಯ: ಮೈನಸ್ 3 ಮೈನಸ್ 5 ಎಷ್ಟು? ಎಸ್ಸೆಸ್ಸೆಲ್ಸಿ ರಿಸಲ್ಟ್ ವಾರಕ್ಕೆ ಒಂದು ಎಪಿಸೋಡ್
>
> ನಮಸ್ಕಾರ. ಮನೆ ಬಜೆಟ್ ಬಗ್ಗೆ ನೀವು ಮಾಡಿದ ಎಪಿಸೋಡಲ್ಲಿ ಟ್ಯೂಷನ್ ಫೀಸ್ ಕಟ್ಟಿದ್ರೂ ಮಗನ ಮಾರ್ಕ್ಸ್ ಏರ್ತಿಲ್ಲ ಅಂತ ಒಬ್ಬ ತಂದೆ ಹೇಳಿದ್ರು. ಅದಕ್ಕೆ ನನ್ನ ಹತ್ರ ಒಂದು ಉತ್ತರ ಇದೆ.
>
> ಹತ್ತನೇ ಕ್ಲಾಸಿನ ಗಣಿತದಲ್ಲಿ ನಿಂತುಹೋಗೋ ಎಷ್ಟೋ ಮಕ್ಕಳು ನಿಜವಾಗಿ ನಿಂತಿರೋದು ಏಳನೇ ಕ್ಲಾಸಿನ ಮೈನಸ್ ಲೆಕ್ಕದಲ್ಲಿ. ಮೈನಸ್ 3 ಮೈನಸ್ 5 ಅಂದ್ರೆ ಪ್ಲಸ್ 8 ಅಂತಾರೆ. ಇಂಥ ಮೂರು ಪ್ರಶ್ನೆ ಬಾಯಲ್ಲೇ ಕೇಳಿ ಮಗು ಎಲ್ಲಿ ನಿಂತಿದೆ ಅಂತ ಅಪ್ಪಅಮ್ಮನೇ ಕಂಡುಹಿಡಿಯೋದು ಹೇಗೆ, ಪರೀಕ್ಷೆ-2ಕ್ಕೆ ಮುಂಚೆ ಸಿಗೋ ಕೆಲವೇ ವಾರದಲ್ಲಿ ಏನು ಸರಿ ಮಾಡಬಹುದು, ಏನು ಆಗಲ್ಲ ಅಂತ ಬೋರ್ಡಿಲ್ದೆ ಹೇಳ್ತೀನಿ.
>
> ನಾನು ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡ್ತೀನಿ. ಒಂದೂವರೆ ನಿಮಿಷದ ಆಡಿಯೋ ಲಿಂಕ್ ಕೆಳಗಿದೆ. ಏಪ್ರಿಲ್ ಮೊದಲ ವಾರ ಯಾವ ದಿನವಾದ್ರೂ ಸಂಜೆ 7ರ ಮೇಲೆ ರೆಕಾರ್ಡಿಂಗ್‌ಗೆ ಸಿಗ್ತೀನಿ. ಕಳಿಸ್ಲಾ ಮೂರು ಪ್ರಶ್ನೆ?

ಮೈಕ್_ಹಿಂದಿನವ

ಇದನ್ನ ನಾನು ಓದ್ತೀನಿ, ಮುಂದಕ್ಕೂ ಕಳಿಸ್ತೀನಿ. "ಏನು ಆಗಲ್ಲ" ಅಂತ ಬರೆದಿದೀರಲ್ಲ, ಅದನ್ನ ತೆಗೀಬೇಡಿ, ಅದರಿಂದ್ಲೇ ಜಾಹೀರಾತಲ್ಲ ಅನ್ಸತ್ತೆ. ಒಂದೇ ಬದಲಾವಣೆ, ಕೊನೇಲಿ "ಕಳಿಸ್ಲಾ" ಅಂತ ಕೇಳ್ಬೇಡಿ, ಮೂರು ಪ್ರಶ್ನೇನೂ ಮೇಲಲ್ಲೇ ಹಾಕಿಬಿಡಿ. ನಮ್ಮ ಹೋಸ್ಟ್ ಅವ್ರ ಮಗನಿಗೆ ಕೇಳ್ತಾರೆ ನೋಡಿ, ಮಗ ತಪ್ಪು ಹೇಳಿದ್ರೆ ನಿಮ್ಮ ಎಪಿಸೋಡ್ ಗ್ಯಾರಂಟಿ 😄 ಬಜೆಟ್ ಎಪಿಸೋಡ್ ಲೈನು ಆಯಾ ಶೋಗೆ ಬೇರೆ ಬೇರೆ ಇರ್ಬೇಕು, ಕೇಳಿಯೇ ಬರೀಬೇಕು, ಬೇರೆಯವರ ಎಪಿಸೋಡ್ ಹೆಸರು ಹಾಗೇ ಉಳಿದು ನಮಗೆ ಬಂದ ಮೇಲ್‌ಗಳಿವೆ.

ಸರ್ವರ್_ಸೀನ

ಇಷ್ಟೆಲ್ಲ ಮಾಡಿ ಎಪಿಸೋಡ್ ಬಂದ್ರೂ ಬ್ಯಾಚಿಗೆ ಜನ ಬರ್ತಾರೆ ಅಂತ ಏನ್ ನಂಬಿಕೆ? ವಾಟ್ಸಾಪ್ ಗ್ರೂಪ್ ಲಿಂಕ್ ಡಿಸ್ಕ್ರಿಪ್ಷನಲ್ಲಿ ಹಾಕಿಸಿ ಮೇಡಂ, ಸೀದಾ ಸೇರ್ಕೋತಾರೆ.

ಮೈಕ್_ಹಿಂದಿನವ

ಗ್ರೂಪ್ ಲಿಂಕ್ ಬೇಡ. ಪಬ್ಲಿಕ್ ಆಗಿ ಹಾಕಿದ್ರೆ ಲೋನ್ ಆ್ಯಪ್‌ನೋರು, ಟ್ರೇಡಿಂಗ್‌ನೋರು ಮೊದಲು ಸೇರ್ತಾರೆ, ಅಪ್ಪಅಮ್ಮಂದಿರ ನಂಬರೆಲ್ಲ ಅವ್ರಿಗೆ ಕಾಣತ್ತೆ. ಒಂದು ಫಾರ್ಮ್ ಇಡಿ, ಹೆಸರು, ನಂಬರ್, ಮಗುವಿನ ಕ್ಲಾಸು ಅಷ್ಟೇ, ತುಂಬಿದ್ರೆ ಹತ್ತು ಪ್ರಶ್ನೆಯ ಪೇಪರ್ ಸಿಗತ್ತೆ ಅಂತ. ಪ್ರತಿ ಶೋಗೂ ಫಾರ್ಮಿನ ಬೇರೆ ಕಾಪಿ ಮಾಡಿ, ಎಲ್ಲಿಂದ ಎಷ್ಟು ಜನ ಬಂದ್ರು ಅಂತ ಗೊತ್ತಾಗತ್ತೆ. ಇನ್ನೊಂದು, ಹೋಸ್ಟ್‌ಗಳು ಎಪಿಸೋಡ್ ಕತ್ತರಿಸಿ ಶಾರ್ಟ್ಸ್ ಹಾಕ್ತಾರೆ, ಹೆಚ್ಚು ಜನ ನೋಡೋದು ಅದನ್ನೇ, ಆದ್ರೆ 2023ರಿಂದ ಶಾರ್ಟ್ಸ್ ಡಿಸ್ಕ್ರಿಪ್ಷನಲ್ಲಿರೋ ಲಿಂಕ್ ಒತ್ತಿದ್ರೆ ಓಪನ್ ಆಗಲ್ಲ. ಅದಕ್ಕೆ ಬಾಯಲ್ಲಿ ಹೇಳಿದ್ರೆ ನೆನಪಲ್ಲಿ ಉಳಿಯೋಂಥ ಚಿಕ್ಕ ಹೆಸರು ಇಟ್ಕೊಳ್ಳಿ, ಅದನ್ನ ಹುಡುಕಿದ್ರೆ ನೀವೇ ಸಿಗಬೇಕು.

ಕೂಟದ_ಕಾರ್ಯದರ್ಶಿ

ನ್ಯೂಜೆರ್ಸಿಯಿಂದ. ನಮ್ಮ ಕನ್ನಡ ಕೂಟದಲ್ಲಿ ಪೇರೆಂಟ್ಸ್ ವೆಬಿನಾರ್ ಮಾಡ್ತೀವಿ. ಮೇಡಂ ನಮಗೆ ಇದೇ ಮೆಸೇಜ್ ಕಳಿಸಿದ್ರೆ ಕೆಲಸಕ್ಕೆ ಬರಲ್ಲ, ಇಲ್ಲಿ ಯಾರಿಗೂ ಎಸ್ಸೆಸ್ಸೆಲ್ಸಿ ಇಲ್ಲ. ಮೈನಸ್ ಕಥೆ ಮಾತ್ರ ಇಲ್ಲೂ ಅದೇ, ನನ್ನ ಮಗಳೂ ಪ್ಲಸ್ 8 ಅಂದ್ಲು ಈಗ ತಾನೆ! "ಸಂಜೆ 7" ಅಂತ ಬರೆದ್ರೆ ಯಾರ ಸಂಜೆ ಅಂತ ಗೊತ್ತಾಗಲ್ಲ, ನಿಮ್ಮ ಸಂಜೆ 7 ಅಂದ್ರೆ ಬೇಸಿಗೆ ಟೈಮಲ್ಲಿ ನಮಗೆ ಬೆಳಗ್ಗೆ 9:30. ಶನಿವಾರ ಆದ್ರೆ ಸರಿ ಹೋಗತ್ತೆ, ಬೇರೆ ದಿನ ಆಫೀಸು. ಎರಡೂ ಕಡೆ ಟೈಮ್ ಹಾಕಿ ಕಳಿಸಿ.

ಬೆಣ್ಣೆದೋಸೆ_ಟೀಚರ್

ಕೂಟದೋರಿಗೆ ಬೇರೆ ಮೆಸೇಜ್ ಬರೀತೀನಿ ಸರ್, ಮಗಳಿಗೆ ನಂಬರ್ ಲೈನ್ ಮೇಲೆ ನಡೆಸಿ ತೋರಿಸಿ, ಸೊನ್ನೆಯಿಂದ ಎಡಕ್ಕೆ 3 ಹೆಜ್ಜೆ, ಮತ್ತೆ ಎಡಕ್ಕೇ 5. ಆ ಪ್ಯಾಕೇಜ್ ಡೀಟೇಲ್ಸ್ ಕಳಿಸ್ತೀವಿ ಅಂದ ಚಾನೆಲ್‌ಗೆ ಏನ್ ಹೇಳ್ಲಿ? ಅವ್ರಿಗೆ ವ್ಯೂಸ್ ಜಾಸ್ತಿ ಇದೆ.

ಮೈಕ್_ಹಿಂದಿನವ

ದುಡ್ಡು ಕೊಟ್ಟು ಹೋಗ್ಬೇಡಿ ಅಂತೀನಿ. ದುಡ್ಡು ಕೊಟ್ಟ ಎಪಿಸೋಡ್ ಅಂದ್ರೆ ಪೇಯ್ಡ್ ಪ್ರಮೋಷನ್ ಅಂತ ತೋರಿಸ್ಬೇಕು, ಅದು ಕಂಡ ತಕ್ಷಣ ಅಪ್ಪಅಮ್ಮಂದಿರು ಅರ್ಧ ನಂಬಿಕೆ ಬಿಡ್ತಾರೆ.

ಅಬ್ಯಾಕಸ್_ಅಮ್ಮ

ನಾನ್ ಒಪ್ಪಲ್ಲ ರೀ. ನಾನು ಒಂದ್ಸಲ ದುಡ್ಡು ಕೊಟ್ಟು ಹೋಗಿದ್ದೆ, ಎರಡು ತಿಂಗ್ಳು ಫೋನ್ ಬಂತು, ಬ್ಯಾಚ್ ತುಂಬ್ತು. ರೇಟ್ ಚೌಕಾಸಿ ಮಾಡಿ ಅಷ್ಟೇ.

ಮೈಕ್_ಹಿಂದಿನವ

ಅಬ್ಯಾಕಸ್‌ಗೆ ಚಿಕ್ಕ ಮಕ್ಕಳು, ಅಪ್ಪಅಮ್ಮ ಟ್ರೈ ಮಾಡಿ ನೋಡ್ತಾರೆ. ಹತ್ತನೇ ಕ್ಲಾಸಿಗೆ ಅಷ್ಟು ಸುಲಭಕ್ಕೆ ಟೀಚರ್ ಬದಲಾಯಿಸಲ್ಲ. ಇರ್ಲಿ, ಮೇಡಂ, ಮೊದಲು ಫ್ರೀ ಆಗಿ ಕರೆಯೋರ ಹತ್ರ ಹೋಗಿ ಫಾರ್ಮಲ್ಲಿ ಎಷ್ಟು ಬರತ್ತೆ ನೋಡಿ, ಆಮೇಲೆ ಅವರ ರೇಟ್ ಕೇಳಿ. ಮೇಲ್ ಕಳಿಸಿ ಒಂದು ವಾರಕ್ಕೆ ಉತ್ತರ ಬರ್ದಿದ್ರೆ ಅದೇ ಮೇಲ್‌ಗೆ ರಿಪ್ಲೈ ಆಗಿ ಎರಡು ಲೈನ್ ಹಾಕಿ, ಹೊಸ ಮೇಲ್ ಮಾಡ್ಬೇಡಿ, ನಮಗೆ ಹಳೇದು ಹುಡುಕೋಕಾಗಲ್ಲ.