ರಾಕ್ಷಸನ ಪ್ರಾಣ ಗಿಳಿಯಲ್ಲಿ ಯಾಕೆ?

ಸುಧಾ: ಏಳು ಸಮುದ್ರದಾಚೆ ಗಿಳಿಯೊಳಗೆ ರಾಕ್ಷಸನ ಪ್ರಾಣ ಇಟ್ಟಿರುವ ಕಥೆ ಎಷ್ಟು ಹಳೆಯದು? ಎಷ್ಟೋ ದೇಶಗಳಲ್ಲಿ ಇದೆಯಂತೆ. ಯಾಕೆ?

ಕಿರಣ್: ನಮ್ಮಿಂದಲೇ ಹೋದದ್ದು. ವನಪರ್ವದಲ್ಲಿ ಬಾಲಧಿ ಋಷಿ ಸಾವಿಲ್ಲದ ಮಗ ಬೇಕೆಂದು ತಪಸ್ಸು ಮಾಡುತ್ತಾನೆ. ದೇವತೆಗಳು ಒಪ್ಪುವುದಿಲ್ಲ. ಹಾಗಾದರೆ ಈ ಬೆಟ್ಟಗಳು ಇರುವ ತನಕ ಅವನು ಬದುಕಲಿ ಎನ್ನುತ್ತಾನೆ. ಮಗ ಮೇಧಾವಿ ಸೊಕ್ಕಿನಿಂದ ಧನುಷಾಕ್ಷ ಋಷಿಯನ್ನು ಅವಮಾನಿಸುತ್ತಾನೆ. ಶಾಪ ತಟ್ಟುವುದಿಲ್ಲ. ಕೊನೆಗೆ ಆ ಋಷಿ ಕೋಣಗಳಿಂದ ಬೆಟ್ಟ ಒಡೆಸುತ್ತಾನೆ, ಇವನು ಸಾಯುತ್ತಾನೆ.

ಮಂಜುಳಾ: ನಮ್ಮಜ್ಜಿಯ ಕಥೆಯಲ್ಲೂ ಇತ್ತು! ಅಣ್ಣ ಊರು ಬಿಡುವಾಗ ಒಂದು ಗಿಡ ನೆಟ್ಟು, "ಇದು ಬಾಡಿದರೆ ನಾನು ಕಷ್ಟದಲ್ಲಿದ್ದೇನೆ ಅಂತ ತಿಳ್ಕೋ" ಅನ್ನುತ್ತಾನೆ.

ವೆಂಕಟೇಶ: ಮಂಜುಳಾ ಅವರೇ, ಅದು ಸುದ್ದಿ ಹೇಳುವ ಗಿಡ. ಗಿಡ ಕಿತ್ತರೆ ಅಣ್ಣ ಸಾಯುವುದಿಲ್ಲ, ಅಲ್ವಾ? ಗಿಳಿಯ ಕತ್ತು ಹಿಸುಕಿದರೆ ರಾಕ್ಷಸ ಸಾಯುತ್ತಾನೆ.

ಇವೆರಡೂ ಒಟ್ಟಿಗೆ ಬರುವ ಕಥೆ ಈಜಿಪ್ಟಿನಲ್ಲಿದೆ. ಸುಮಾರು ಕ್ರಿ.ಪೂ. 1200ರ ಪಪೈರಸ್, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಬಾತಾ ಎಂಬವನು ತನ್ನ ಹೃದಯವನ್ನು ಮರದ ಹೂವಿನ ಮೇಲೆ ಇಡುತ್ತಾನೆ. ಕೈಯಲ್ಲಿನ ಬಿಯರ್ ನೊರೆಯುಕ್ಕಿದರೆ ನನಗೆ ಕೆಟ್ಟದಾಗಿದೆ ಅಂತ ತಿಳಿ ಎಂದು ಅಣ್ಣನಿಗೆ ಹೇಳಿರುತ್ತಾನೆ. ಗುಟ್ಟನ್ನು ಹೆಂಡತಿಗೂ ಹೇಳಿಬಿಡುತ್ತಾನೆ. ಅವಳು ರಾಜನನ್ನು ಸೇರಿ ಮರ ಕಡಿಸುತ್ತಾಳೆ, ಬಾತಾ ಬೀಳುತ್ತಾನೆ. ಬಿಯರ್ ನೊರೆಯುಕ್ಕಿದ್ದು ನೋಡಿ ಅಣ್ಣ ಹೊರಡುತ್ತಾನೆ. ವರ್ಷಗಟ್ಟಲೆ ಹುಡುಕಿ, ಬೀಜದಂತಾಗಿದ್ದ ಹೃದಯವನ್ನು ತಣ್ಣೀರಿನಲ್ಲಿಟ್ಟು ತಮ್ಮನನ್ನು ಬದುಕಿಸುತ್ತಾನೆ. ಇಲ್ಲಿ ಪ್ರಾಣ ಬಚ್ಚಿಟ್ಟವನು ಖಳನಲ್ಲ, ನಾಯಕ! ನನ್ನನ್ನು ಇಂದಿಗೂ ಕಾಡುವುದು ಅದೇ.

ಕಿರಣ್: ಬರೆದದ್ದು ಮೊದಲು ಸಿಕ್ಕಿತು ಅಂದರೆ ಕಥೆಯೂ ಅಲ್ಲೇ ಹುಟ್ಟಿತು ಅಂತಲ್ಲವಲ್ಲ.

ವೆಂಕಟೇಶ: ಒಪ್ಪಿದೆ. ಅದೇ ಕಾರಣಕ್ಕೆ ನಮ್ಮಿಂದ ಹೋಯಿತು ಅಂತಲೂ ಹೇಳಲಾಗದು. ಮೇಧಾವಿಯ ಕಥೆಯಲ್ಲಿ ಗುಟ್ಟಿಲ್ಲ. ಬೆಟ್ಟ ಎಲ್ಲರ ಕಣ್ಣೆದುರಿಗಿದೆ. ಅದು ಹಿರಣ್ಯಕಶಿಪುವಿನಂತೆ ವರದ ಸಂದು ಹುಡುಕುವ ಕಥೆ.

ಸುಧಾ: ಹಾಗಾದರೆ ಗುಟ್ಟು ಯಾಕೆ ಬೇಕು?

ವೆಂಕಟೇಶ: ರಷ್ಯಾದ ಜನಪದ ಕಥೆಗಳ ಖಳ ಕೊಶ್ಚೆಯನ್ನು ನೋಡಿ. ಅವನ ಸಾವು ಸೂಜಿಯ ಮೊನೆಯಲ್ಲಿ. ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಅದು ಮೊಲದಲ್ಲಿ, ಮೊಲ ಪೆಟ್ಟಿಗೆಯಲ್ಲಿ. ಸೆರೆಯಾದ ಹೆಣ್ಣು ಕೇಳಿದರೆ, ಕೆಲವು ಪಾಠಗಳಲ್ಲಿ, ಪೊರಕೆಯಲ್ಲಿದೆ ಅಂತ ಸುಳ್ಳು ಹೇಳುತ್ತಾನೆ. ಅವಳು ಆ ಪೊರಕೆಗೇ ಚಿನ್ನ ಬಳಿಯುತ್ತಾಳೆ. ತನ್ನ ಮೇಲೆ ಇಷ್ಟು ಪ್ರೀತಿಯೇ ಎಂದು ಕರಗಿ ಕೊನೆಗೆ ನಿಜ ಬಾಯಿಬಿಡುತ್ತಾನೆ. ಬಲದಿಂದ ಸೋಲದವನು ಮಾತಿನಿಂದ ಸೋಲಬೇಕು. ಹೇಳಿದವರಿಗೂ ಕೇಳಿದವರಿಗೂ ಆ ದೃಶ್ಯವೇ ಬೇಕಿತ್ತು ಅಂತ ನನಗನಿಸುತ್ತದೆ.

ಕಿರಣ್: ನಿದ್ದೆಯಲ್ಲಿ ಪ್ರಾಣ ದೇಹ ಬಿಟ್ಟು ತಿರುಗುತ್ತದೆ ಅನ್ನುವ ನಂಬಿಕೆ ಎಷ್ಟೋ ಕಡೆ ಇದೆಯಲ್ಲ. ಅದೇ ಮೂಲ ಯಾಕಾಗಬಾರದು?

ವೆಂಕಟೇಶ: ಆಗಬಹುದು. ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಅದೇ ದಾರಿಯಲ್ಲಿ ವಾದಿಸಿದ್ದರು: ಅಪಾಯ ಬಂದಾಗ ಪ್ರಾಣವನ್ನು ಭದ್ರವಾದ ಕಡೆ ಇಟ್ಟು ಬರಬಹುದು ಎಂದು ಜನ ನಂಬಿದ್ದರು ಅಂತ. ಪ್ರಾಣ ಯಾಕೆ ಹೊರಗಿದೆ ಅನ್ನುವುದಕ್ಕೆ ಅದು ಉತ್ತರ. ಆದರೆ ಪೊರಕೆಗೆ ಚಿನ್ನ ಬಳಿಯುವುದು ಅದರಿಂದ ಬರುವುದಿಲ್ಲ.

ಮಂಜುಳಾ: ಅಜ್ಜಿಯ ಕಥೆಯಲ್ಲಿ ರಾಕ್ಷಸನೂ ಇದ್ದ. ರಾಜಕುಮಾರಿ ಅವನ ತಲೆಗೆ ಎಣ್ಣೆ ಒತ್ತುತ್ತಾ ಕೇಳುತ್ತಿದ್ದಳು. ಈಗ ನೆನಪಾಯಿತು.