ಸಪ್ಲೈಯರ್ ಬಿಲ್ ಫೋಟೋಗಳಿಗೆ ಪದಪಟ್ಟಿ: ಒಂದೇ ಮಾಲಿಗೆ ಪ್ರತಿ ಸಲ ಬೇರೆ ಹೆಸರು ಬರದಂತೆ ಮಾಡುವುದು ಹೇಗೆ?

ಪ್ರಶ್ನೆ – ಅಂಗಡಿ ಮಾಲೀಕ, ಗೋಣಿಕೊಪ್ಪ

ನನ್ನದು ಮಸಾಲೆ ಸಾಮಾನಿನ ಅಂಗಡಿ. ಜಾಯಿಕಾಯಿ, ಜಾಪತ್ರೆ, ಚಕ್ಕೆ, ಒಣ ಮೆಣಸಿನಕಾಯಿ ಇರಿಟ್ಟಿ ಕಡೆಯಿಂದ ಬರುತ್ತವೆ. ಬಿಲ್ ಮಲಯಾಳಂ ಕೈಬರಹದಲ್ಲಿರುತ್ತದೆ. ಫೋಟೋ ತೆಗೆದು ಎಐ ಚಾಟ್ ಆ್ಯಪ್‌ಗೆ ಕೊಟ್ಟು ಕನ್ನಡ ಮಾಡಿಸುತ್ತೇನೆ. ಒಂದೇ ಮಾಲು ಒಂದು ಬಿಲ್ಲಿನಲ್ಲಿ ‘ಮೆಣಸು’, ಇನ್ನೊಂದರಲ್ಲಿ ‘ಮೆಣಸಿನಕಾಯಿ’, ಮತ್ತೊಂದರಲ್ಲಿ ‘ಕೆಂಪು ಮೆಣಸು’ ಅಂತ ಬರುತ್ತದೆ. ಸ್ಟಾಕ್ ಪುಸ್ತಕದಲ್ಲಿ ಮೂರು ಸಾಲು ಆಗಿಬಿಟ್ಟಿದೆ. ಪದಪಟ್ಟಿ ಮಾಡಬೇಕು ಅಂದುಕೊಂಡಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ – ವ್ಯಾಪಾರ ದಾಖಲೆಗಳ ಅನುವಾದಕಿ, ಮಡಿಕೇರಿ

ಮೊದಲು ಕೆಲಸವನ್ನು ಎರಡು ಭಾಗ ಮಾಡಿ. ಈಗ ನೀವು ಫೋಟೋ ಓದುವುದನ್ನೂ ಅನುವಾದವನ್ನೂ ಒಟ್ಟಿಗೇ ಮಾಡಿಸುತ್ತಿದ್ದೀರಿ. ಹಾಗಾಗಿ ತಪ್ಪು ಬಂದಾಗ ಅದು ಅಕ್ಷರ ಓದುವಾಗ ಆಯಿತೋ, ಅನುವಾದದಲ್ಲಿ ಆಯಿತೋ ಗೊತ್ತಾಗುವುದೇ ಇಲ್ಲ. ಮೊದಲ ಹಂತದಲ್ಲಿ ಬಿಲ್ಲಿನಲ್ಲಿ ಇರುವುದನ್ನು ಮಲಯಾಳಂ ಲಿಪಿಯಲ್ಲೇ ಬರೆಸಿಕೊಳ್ಳಿ. ನಾನು ಕೊಡುವ ಸೂಚನೆ ಇಷ್ಟೇ:

```
ಫೋಟೋದಲ್ಲಿ ಇರುವುದನ್ನು ಮಲಯಾಳಂ ಲಿಪಿಯಲ್ಲೇ ಸಾಲು ಸಾಲಾಗಿ ಬರೆ.
ಅನುವಾದ ಬೇಡ. ಓದಲಾಗದ ಕಡೆ [?] ಹಾಕು, ಊಹೆ ಬೇಡ.
```

ಊಹೆ ಬೇಡ ಅನ್ನುವುದು ಮುಖ್ಯ. ಮಲಯಾಳಂನಲ್ಲಿ ಚುಕ್ಕ್ ಅಂದರೆ ಒಣ ಶುಂಠಿ, ಚಾಕ್ಕ್ ಅಂದರೆ ಚೀಲ. ಬರೆಯುವಾಗ ಒಂದು ಸ್ವರಚಿಹ್ನೆಯಷ್ಟೇ ವ್ಯತ್ಯಾಸ. ಫೋಟೋ ಸ್ವಲ್ಪ ಮಸುಕಾದರೂ ಎರಡು ಚೀಲದ ಸಾಲು ಶುಂಠಿಯ ಸಾಲಾಗುತ್ತದೆ. ಸೂಚನೆ ಕೊಟ್ಟರೂ ಆ್ಯಪ್ ಕೆಲವೊಮ್ಮೆ ಊಹಿಸಿಯೇ ಬರೆಯುತ್ತದೆ. ಅದಕ್ಕೆ ಹೊಸ ಸಪ್ಲೈಯರ್‌ನ ಮೊದಲ ಕೆಲವು ಬಿಲ್ಲುಗಳನ್ನು ಫೋಟೋ ಪಕ್ಕದಲ್ಲಿಟ್ಟು ನೀವೇ ನೋಡಬೇಕು.

ಎರಡನೇ ಹಂತದಲ್ಲಿ ಮಾಲಿನ ಹೆಸರನ್ನು ಅನುವಾದ ಮಾಡಿಸಲೇಬೇಡಿ. ಪಟ್ಟಿಯಲ್ಲಿ ಹುಡುಕಿ ಹಾಕಿ. ಪಟ್ಟಿಯಲ್ಲಿ ಮೂರು ಕಾಲಂ ಸಾಕು: ಸಪ್ಲೈಯರ್ ಗುರುತಿನ ಜೊತೆ ಅವರು ಬರೆಯುವ ಪದ, ನಿಮ್ಮ ಅಂಗಡಿಯ ಕೋಡ್, ನೀವು ಇಟ್ಟ ಕನ್ನಡ ಹೆಸರು.

```
K1|കുരുമുളക്    PEP-01  ಕರಿಮೆಣಸು
K1|മുളക്        CHI-01  ಒಣ ಮೆಣಸಿನಕಾಯಿ
K1|വറ്റൽ മുളക്   CHI-01  ಒಣ ಮೆಣಸಿನಕಾಯಿ
K1|ജാതിക്ക      NUT-01  ಜಾಯಿಕಾಯಿ
K1|ജാതിപത്രി    MAC-01  ಜಾಪತ್ರೆ
```

ಎರಡನೇ, ಮೂರನೇ ಸಾಲು ನೋಡಿ. ಒಂದೇ ಮಾಲನ್ನು ಅವರು ಎರಡು ರೀತಿ ಬರೆಯುತ್ತಾರೆ. ಸುಮ್ನೆ ಮುಳಕ್ ಅಂತಲೂ ಬರೆಯುತ್ತಾರೆ, ವಟ್ಟಲ್ ಮುಳಕ್ ಅಂತಲೂ ಬರೆಯುತ್ತಾರೆ. ಎರಡೂ ಒಂದೇ ಕೋಡಿಗೆ ಹೋಗಬೇಕು. ಸ್ಟಾಕ್ ಪುಸ್ತಕ ಕೋಡ್ ಮೇಲೆ ನಡೆಯಲಿ. ಆಗ ನಾಳೆ ನೀವು ಕನ್ನಡ ಹೆಸರು ಬದಲಿಸಿದರೂ ಲೆಕ್ಕ ಅಲುಗಾಡುವುದಿಲ್ಲ. ಗೂಗಲ್ ಶೀಟ್‌ನಲ್ಲಿ ಈ ಪಟ್ಟಿ glossary ಅನ್ನುವ ಟ್ಯಾಬ್‌ನಲ್ಲಿದ್ದು, ಬಿಲ್ಲಿನ ಟ್ಯಾಬ್‌ನ A ಕಾಲಂನಲ್ಲಿ K1 ಥರದ ಸಪ್ಲೈಯರ್ ಗುರುತು, C ಕಾಲಂನಲ್ಲಿ ಮಲಯಾಳಂ ಪದ ಇದ್ದರೆ ಸೂತ್ರ ಹೀಗೆ:

```
=IFERROR(VLOOKUP($A2&"|"&TRIM(C2), glossary!A:C, 3, FALSE), "ಪಟ್ಟಿಯಲ್ಲಿಲ್ಲ")
```

ಇದು ಕನ್ನಡ ಹೆಸರು ತರುತ್ತದೆ. 3ರ ಜಾಗದಲ್ಲಿ 2 ಹಾಕಿದರೆ ಕೋಡ್ ಬರುತ್ತದೆ. ‘ಪಟ್ಟಿಯಲ್ಲಿಲ್ಲ’ ಅಂತ ಬಂದ ಸಾಲನ್ನು ನೀವೇ ನೋಡಿ, ಸಪ್ಲೈಯರ್ ಹತ್ತಿರ ಖಚಿತ ಮಾಡಿಕೊಂಡು, ಆಮೇಲೆ ಪಟ್ಟಿಗೆ ಸೇರಿಸಿ. ಹೊಸ ಪದವನ್ನು ಆ್ಯಪ್ ತಾನಾಗಿ ಸೇರಿಸಲು ಬಿಡಬೇಡಿ. ಪಟ್ಟಿ ಕೆಡುವುದು ಅಲ್ಲಿಂದಲೇ.

ಕುಶಾಲನಗರದ ಸದಸ್ಯ

ಇಷ್ಟೆಲ್ಲ ಯಾಕೆ ಮೇಡಂ? ಎಚ್‌ಎಸ್‌ಎನ್ ಕೋಡ್ ಇದೆಯಲ್ಲ. ಅದನ್ನೇ ಕೀ ಮಾಡಿಕೊಂಡರೆ ಭಾಷೆಯ ತಲೆನೋವೇ ಇಲ್ಲ.

ಅನುವಾದಕಿ, ಮಡಿಕೇರಿ

ಕೋಡ್ ಮೇಲೆ ನಿಲ್ಲಬೇಕು ಅನ್ನುವುದು ಸರಿ. ಆದರೆ ಬಿಲ್ಲುಗಳಲ್ಲಿ ಸಾಮಾನ್ಯವಾಗಿ ನಾಲ್ಕಂಕಿ ಎಚ್‌ಎಸ್‌ಎನ್ ಇರುತ್ತದೆ. 0904 ಅನ್ನುವುದು ಕರಿಮೆಣಸಿಗೂ ಒಣ ಮೆಣಸಿನಕಾಯಿಗೂ ಒಂದೇ. ಇವರ ಸಮಸ್ಯೆ ಇರುವುದೇ ಆ ಎರಡರ ಮಧ್ಯೆ. 0908 ಅಂತೂ ಜಾಯಿಕಾಯಿ, ಜಾಪತ್ರೆ, ಏಲಕ್ಕಿ ಮೂರಕ್ಕೂ ಬರುತ್ತದೆ. ಆರಂಕಿ ಇದ್ದರೆ ಬೇರೆಯಾಗುತ್ತದೆ. ಪುಡಿ ಮಾಡದ ಕರಿಮೆಣಸಿಗೆ 090411, ಪುಡಿ ಮಾಡದ ಒಣ ಮೆಣಸಿನಕಾಯಿಗೆ 090421. ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಇದ್ದರೆ ತಾಳೆ ನೋಡುವುದಕ್ಕೆ ಇಟ್ಟುಕೊಳ್ಳಿ. ಜಾತಿಕ್ಕ ಅಂತ ಓದಿದ ಸಾಲಿನಲ್ಲಿ 0904 ಇದ್ದರೆ ಏನೋ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಸೋಮವಾರಪೇಟೆಯ ಬಟ್ಟೆ ಅಂಗಡಿಯವರು

ಬಿಲ್ಲನ್ನು ಕನ್ನಡದಲ್ಲೇ ಕೊಡಿ ಅಂತ ಸಪ್ಲೈಯರ್‌ಗೆ ಹೇಳಬಹುದಲ್ವಾ? ನಮಗೆ ಈರೋಡ್‌ನಿಂದ ಬರುವ ಬಿಲ್ ಈಗ ಕಂಪ್ಯೂಟರ್‌ನದ್ದು, ಇಂಗ್ಲಿಷ್‌ನಲ್ಲೇ ಬರುತ್ತದೆ.

ಅಂಗಡಿ ಮಾಲೀಕ, ಗೋಣಿಕೊಪ್ಪ

ಕೇಳಿ ನೋಡಿದ್ದೇನೆ ಅಕ್ಕ. ಅವರ ಅಂಗಡಿಯಲ್ಲಿ ಬಿಲ್ ಬರೆಯುವವರಿಗೆ ಮಲಯಾಳಂ ಮಾತ್ರ ಗೊತ್ತು. ರೇಟು ಚೆನ್ನಾಗಿದೆ, ಬಿಡುವ ಹಾಗಿಲ್ಲ.

ಮೇಡಂ, ನಾನು ಶೀಟ್‌ನಲ್ಲಿ ಫೈಂಡ್ ಆ್ಯಂಡ್ ರಿಪ್ಲೇಸ್ ಮಾಡಿದೆ. ಸೂತ್ರಕ್ಕಿಂತ ಸುಲಭ ಅನ್ನಿಸಿತು. ಆದರೆ ಕರಿಮೆಣಸು ಇರಬೇಕಾದ ಸಾಲಿನಲ್ಲಿ ‘കുരുಒಣ ಮೆಣಸಿನಕಾಯಿ’ ಅಂತ ಬಂದಿದೆ. ಯಾಕೆ?

ಅನುವಾದಕಿ, ಮಡಿಕೇರಿ

ಕುರುಮುಳಕ್ ಪದದ ಒಳಗೆ ಮುಳಕ್ ಇದೆ. ನೀವು ಮೊದಲು ಮುಳಕ್ ಬದಲಿಸಿದಿರಿ. ಅದು ಕುರುಮುಳಕ್‌ನ ಹಿಂಭಾಗವನ್ನೂ ಬದಲಿಸಿಬಿಟ್ಟಿತು, ಮುಂದಿನ ‘ಕುರು’ ಹಾಗೇ ಉಳಿಯಿತು. ರಿಪ್ಲೇಸ್ ಮಾಡಲೇಬೇಕಾದರೆ ಉದ್ದದ ಪದದಿಂದ ಶುರು ಮಾಡಬೇಕು: ಮೊದಲು ಕುರುಮುಳಕ್ ಮತ್ತು ವಟ್ಟಲ್ ಮುಳಕ್, ಕೊನೆಗೆ ಬರೀ ಮುಳಕ್. ಮೇಲಿನ ಸೂತ್ರದಲ್ಲಿ ಆ ತೊಂದರೆ ಇಲ್ಲ. `FALSE` ಇರುವುದರಿಂದ ಇಡೀ ಪದ ಹೊಂದಿದರೆ ಮಾತ್ರ ಅದು ತೆಗೆದುಕೊಳ್ಳುತ್ತದೆ.

ಕುಶಾಲನಗರದ ಸದಸ್ಯ

ನಮಗೆ ತಮಿಳು ಬಿಲ್ಲೂ ಬರುತ್ತದೆ. ಅದರಲ್ಲಿ ಮಿಳಗು ಅಂದರೆ ಕರಿಮೆಣಸು, ಮಿಳಗಾಯ್ ಅಂದರೆ ಮೆಣಸಿನಕಾಯಿ. ಮಲಯಾಳಂನ ಮುಳಕ್ ಕೂಡ ಮಿಳಗು ಥರಾನೇ ಕೇಳಿಸುತ್ತದೆ. ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಆಯಿತು ಅಂದುಕೊಂಡಿದ್ದೆ. ನಮ್ಮ ಭಾಷೆಗಳೆಲ್ಲ ಹತ್ತಿರದವು, ಓದಿದರೆ ಅರ್ಥ ಆಗುತ್ತದೆ.

ಅನುವಾದಕಿ, ಮಡಿಕೇರಿ

ಹತ್ತಿರದವು ಆಗಿರುವುದೇ ಇಲ್ಲಿ ಅಪಾಯ ಸರ್. ನೀವೇ ಹೇಳಿದ ಉದಾಹರಣೆ ನೋಡಿ. ತಮಿಳಿನಲ್ಲಿ ಮಿಳಗು ಕರಿಮೆಣಸು, ಮಲಯಾಳಂ ಬಿಲ್ಲಿನ ಮುಳಕ್ ಹೆಚ್ಚಾಗಿ ಮೆಣಸಿನಕಾಯಿ. ಸಪ್ಲೈಯರ್ ಗುರುತನ್ನು ಪದದ ಜೊತೆ ಅಂಟಿಸಿದ್ದು ಇದಕ್ಕೇ. ನಿಮ್ಮ ಪಟ್ಟಿಯಲ್ಲಿ `T1|மிளகு` ಅಂತ ಬರೆದು `PEP-01` ಕೊಡಿ. ಅದು ಮಲಯಾಳಂ ಸಾಲಿನ ಜೊತೆ ಯಾವತ್ತೂ ಬೆರೆಯುವುದಿಲ್ಲ.

ಇನ್ನೂ ಜಾಸ್ತಿ ಮೋಸ ಹೋಗುವುದು ಕಾಲಂ ತಲೆಬರಹದಲ್ಲಿ. ಮಲಯಾಳಂನ ತುಕ ಅಂದರೆ ಮೊತ್ತ. ಕನ್ನಡ ಲಿಪಿಯಲ್ಲಿ ಬರೆದು ನೋಡಿದರೆ ನಮ್ಮ ತೂಕವೇ ಅನ್ನಿಸುತ್ತದೆ. ಅವರ ತೂಕಕ್ಕೆ ತೂಕ್ಕಂ ಅಂತಾರೆ. ಅದಕ್ಕೇ ನಾನು ಮಾಲಿನ ಹೆಸರಿಗಿಂತ ಮೊದಲು ತಲೆಬರಹಗಳನ್ನೇ ಪಟ್ಟಿಗೆ ಹಾಕುತ್ತೇನೆ: ಇನಂ, ತೂಕ್ಕಂ, ನಿರಕ್ಕ್, ತುಕ. ನಮ್ಮಲ್ಲಿ ಮಾಲು, ತೂಕ, ದರ, ಮೊತ್ತ.

ಇದನ್ನು ಪರೀಕ್ಷಿಸಲು ಭಾಷೆಯೇ ಬೇಡ, ಗುಣಾಕಾರ ಸಾಕು. ಒಂದು ಸಾಲಿನಲ್ಲಿ 25, 210, 5,250 ಇದೆ ಅಂದುಕೊಳ್ಳಿ. 25 ಕೆ.ಜಿ., ಕೆ.ಜಿ.ಗೆ 210 ರೂಪಾಯಿ, ಮೊತ್ತ 5,250. ಹೊಂದಿತು. ಗುಣಾಕಾರ ಹೊಂದದಿದ್ದರೆ ಯಾವುದೋ ಅಂಕಿ ತಪ್ಪು ಓದಿದೆ, ಇಲ್ಲವೇ ಕಾಲಂ ಅದಲುಬದಲು ಆಗಿದೆ, ಇಲ್ಲವೇ ದರ ಕೆ.ಜಿ.ಗೆ ಅಲ್ಲ, ಚೀಲಕ್ಕೆ. ಆ ಬಿಲ್ಲನ್ನು ಪಕ್ಕಕ್ಕೆ ಇಡಿ. ಆದರೆ ಮೆಣಸಿನಕಾಯಿ ಕರಿಮೆಣಸಾಗಿ ಬಂದರೆ ಗುಣಾಕಾರ ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಹಿಂದಿನ ಖರೀದಿಯ ದರವನ್ನು ಕೋಡ್ ಪಕ್ಕದಲ್ಲಿ ತೋರಿಸುವ ಹಾಗೆ ಮಾಡಿಕೊಳ್ಳಿ. PEP-01 ಸಾಲಿನಲ್ಲಿ 210 ಕಂಡರೆ ವ್ಯಾಪಾರಿಗೆ ಕಣ್ಣಿಗೇ ಗೊತ್ತಾಗುತ್ತದೆ.

ಅಂಗಡಿ ಮಾಲೀಕ, ಗೋಣಿಕೊಪ್ಪ

ಸೂತ್ರ ಹಾಕಿದೆ ಮೇಡಂ, ಚೆನ್ನಾಗಿದೆ. ತಲೆಬರಹ ಎಲ್ಲ ಸರಿ ಬಂತು. ಆದರೆ ವಟ್ಟಲ್ ಮುಳಕ್ ಇರುವ ಸಾಲು ಕೆಲವು ಬಿಲ್ಲಿನಲ್ಲಿ ಸಿಗುತ್ತದೆ, ಕೆಲವು ಬಿಲ್ಲಿನಲ್ಲಿ ‘ಪಟ್ಟಿಯಲ್ಲಿಲ್ಲ’ ಅನ್ನುತ್ತದೆ. ಎರಡೂ ಕಣ್ಣಿಗೆ ಒಂದೇ ಥರ ಇವೆ. ಜಾಗ ಹೆಚ್ಚುಕಡಿಮೆ ಏನಾದರೂ ಇದೆಯಾ?

ಅನುವಾದಕಿ, ಮಡಿಕೇರಿ

ಜಾಗ ಅಲ್ಲ, ಕೊನೆಯ ಅರ್ಧ ‘ಲ್’. ಮಲಯಾಳಂನಲ್ಲಿ ಇದಕ್ಕೆ ಚಿಲ್ಲು ಅಕ್ಷರ ಅಂತಾರೆ. ಕಂಪ್ಯೂಟರ್‌ನಲ್ಲಿ ಅದನ್ನು ಎರಡು ರೀತಿ ಬರೆಯಬಹುದು. ಹಳೆಯ ರೀತಿಯಲ್ಲಿ ಲ, ಚಂದ್ರಕಲೆ, ಕಣ್ಣಿಗೆ ಕಾಣದ ಒಂದು ಜೋಡಿಸುವ ಚಿಹ್ನೆ, ಒಟ್ಟು ಮೂರು ಸೇರಿ ಒಂದಾಗುತ್ತವೆ. 2008ರಲ್ಲಿ ಯೂನಿಕೋಡ್ 5.1 ಬಂದ ಮೇಲೆ ಚಿಲ್ಲಿಗೆ ಅದರದೇ ಒಂದು ಸಂಕೇತ ಇದೆ. ಪರದೆಯ ಮೇಲೆ ಎರಡೂ ಒಂದೇ, ಶೀಟಿಗೆ ಬೇರೆ ಬೇರೆ. ಖಚಿತ ಮಾಡಿಕೊಳ್ಳಲು ಆ ಸಾಲಿನಿಂದ ವಟ್ಟಲ್ ಪದವನ್ನು ಮಾತ್ರ ಕಾಪಿ ಮಾಡಿ H2 ಥರದ ಒಂದು ಖಾಲಿ ಸೆಲ್‌ಗೆ ಹಾಕಿ ಪಕ್ಕದಲ್ಲಿ `=LEN(H2)` ಕೊಡಿ. ಹೊಸ ರೀತಿಯದ್ದಾದರೆ 5, ಹಳೆಯದಾದರೆ 7.

ಸುಲಭ ದಾರಿ ಅಂದರೆ ಸಿಗದ ರೂಪವನ್ನು ಆ ಸಾಲಿನಿಂದಲೇ ಕಾಪಿ ಮಾಡಿ ಪಟ್ಟಿಗೆ ಇನ್ನೊಂದು ಸಾಲಾಗಿ ಸೇರಿಸಿ, ಅದೇ CHI-01 ಕೊಡಿ. ನೀವೇ ಮತ್ತೆ ಟೈಪ್ ಮಾಡಬೇಡಿ. ನಿಮ್ಮ ಕೀಬೋರ್ಡ್ ಒಂದೇ ರೂಪವನ್ನು ಕೊಡುತ್ತಿರುತ್ತದೆ.

ಸೋಮವಾರಪೇಟೆಯ ಬಟ್ಟೆ ಅಂಗಡಿಯವರು

ನಾನು ಇದನ್ನೆಲ್ಲ ಮಾಡದೆ, ಪಟ್ಟಿಯನ್ನು ಫೋಟೋ ಜೊತೆ ಚಾಟ್‌ಗೇ ಅಂಟಿಸಿ, ಇದರ ಪ್ರಕಾರ ಬರೆ ಅನ್ನುತ್ತೇನೆ. ಸರಿಯಾಗಿ ಬರುತ್ತದೆಯಪ್ಪ.

ಅನುವಾದಕಿ, ಮಡಿಕೇರಿ

ಚಿಕ್ಕ ಪಟ್ಟಿ, ಒಂದೆರಡು ಬಿಲ್ ಇದ್ದರೆ ನಡೆಯುತ್ತದೆ ಅಕ್ಕ. ಆದರೆ ಪಟ್ಟಿಯಲ್ಲಿ ಇಲ್ಲದ ಪದ ಬಂದಾಗ ಅದಕ್ಕೆ ಹತ್ತಿರದ ಹೆಸರನ್ನು ತಾನೇ ಕೊಟ್ಟುಬಿಡಬಹುದು. ನಿಮಗೆ ಅದು ಗೊತ್ತೂ ಆಗುವುದಿಲ್ಲ. ಒಂದೇ ಚಾಟ್‌ನಲ್ಲಿ ಬಿಲ್ಲುಗಳು ಹೆಚ್ಚಾದ ಹಾಗೆ ಮೊದಲು ಕೊಟ್ಟ ಪಟ್ಟಿ ಕೈತಪ್ಪುವುದೂ ಉಂಟು. ಆ ರೀತಿ ಮಾಡುವುದಾದರೆ ಪ್ರತಿ ಬಿಲ್ಲಿಗೆ ಹೊಸ ಚಾಟ್ ತೆರೆಯಿರಿ, ಮೂಲ ಪದವನ್ನೂ ಪಕ್ಕದಲ್ಲಿ ಬರೆಸಿಕೊಳ್ಳಿ. ಶೀಟ್ ಸೂತ್ರ ಊಹೆ ಮಾಡುವುದಿಲ್ಲ, ನನಗೆ ಅದೇ ಇಷ್ಟ.

ಅಂಗಡಿ ಮಾಲೀಕ, ಗೋಣಿಕೊಪ್ಪ

ಚಿಲ್ಲು ಸರಿ ಆಯಿತು, 7 ಅಂತಲೇ ಬಂದಿತ್ತು. ಈಗ ಉಳಿದಿದ್ದು ಎರಡು. ಆ ಅಂಗಡಿಯ ಹುಡುಗ ಕೆಲವು ಸಲ ಬರೀ ‘ಮು’ ಅಂತ ಬರೆದು ಚುಕ್ಕಿ ಇಡುತ್ತಾನೆ. ಇನ್ನೊಂದು ಪಟ್ಟ. ಅದನ್ನು ಚಕ್ಕೆ ಅಂತ ಹಾಕಲೋ, ಬೇರೆ ಏನಾದರೂ ಹಾಕಲೋ?

ಅನುವಾದಕಿ, ಮಡಿಕೇರಿ

‘ಮು.’ ಅನ್ನುವುದನ್ನು ಪಟ್ಟಿಗೆ ಹಾಕಬೇಡಿ. ಅವರು ಮುಳಕ್ ಬಿಟ್ಟು ಬೇರೆ ಯಾವುದನ್ನೂ ಹಾಗೆ ಬರೆಯುವುದಿಲ್ಲ ಅಂತ ನನಗೆ ಇಲ್ಲಿಂದ ಹೇಳಲು ಆಗುವುದಿಲ್ಲ. ಪ್ರತಿ ಸಲ ‘ಪಟ್ಟಿಯಲ್ಲಿಲ್ಲ’ ಬರಲಿ, ನೀವು ದರ ನೋಡಿ ತುಂಬಿ.

ಪಟ್ಟ ಪದಪಟ್ಟಿಯಿಂದ ಬಗೆಹರಿಯುವುದಲ್ಲ. ಅಲ್ಲಿ ಕ್ಯಾಸಿಯಾ ತೊಗಟೆಗೂ ಪಟ್ಟ ಅಂತಾರೆ, ಸಿಲೋನ್ ದಾಲ್ಚಿನ್ನಿಗೂ ಅನ್ನುತ್ತಾರೆ. ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಇವೆರಡೂ ಬೇರೆ ಬೇರೆ, ಹಾಗಾಗಿ ನೀವು ಪ್ಯಾಕ್ ಮಾಡಿ ಮಾರುವಾಗ ಹೆಸರು ಸರಿ ಇರಬೇಕು. ಚೀಲ ಬಿಚ್ಚಿ ನೋಡಿ. ದಪ್ಪ, ಗಟ್ಟಿ, ಒಂದೇ ಪದರ ಸುರುಳಿ ಆಗಿದ್ದರೆ ಕ್ಯಾಸಿಯಾ. ಕಾಗದದಷ್ಟು ತೆಳುವಾದ ಪದರಗಳು ಒಂದರೊಳಗೆ ಒಂದು ಸುತ್ತಿಕೊಂಡು, ಬೆರಳಲ್ಲಿ ಒತ್ತಿದರೆ ಮುರಿಯುವ ಹಾಗಿದ್ದರೆ ಸಿಲೋನ್‌ನದ್ದು. ಎರಡಕ್ಕೂ ಬೇರೆ ಕೋಡ್ ಮಾಡಿ. ಪುಡಿಯಾಗಿ ಬಂದಿದ್ದರೆ ನೋಡಿ ಹೇಳಲು ಆಗುವುದಿಲ್ಲ.

ಅಂಗಡಿ ಮಾಲೀಕ, ಗೋಣಿಕೊಪ್ಪ

ದಪ್ಪದ್ದೇ ಇದೆ. ಪುಡಿಯೂ ಒಂದು ಚೀಲ ಇದೆ, ಅದು ಯಾವುದರದ್ದು ಅಂತ ಇರಿಟ್ಟಿಗೆ ಫೋನ್ ಮಾಡಿ ಕೇಳುತ್ತೇನೆ. ಅಲ್ಲಿಯವರೆಗೆ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.