ಕಾಳಿಂಗ ಸತ್ತನಾ, ಹೋದನಾ? ಮಕ್ಕಳ ಪುರಾಣ ಕಾರ್ಟೂನು ಆರಿಸಿದವರ ಅನುಭವಗಳು

ದಾವಣಗೆರೆಯ ತಾಯಿ ಕೇಳಿದ್ದು:
"ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಐದು. ರಜೆ ಶುರುವಾಗಿದೆ. ರಾಮಾಯಣ, ಮಹಾಭಾರತ, ಕೃಷ್ಣನ ಕಥೆ, ನಮ್ಮ ಜನಪದ ಕಥೆಗಳ ಕಾರ್ಟೂನು ಹಾಕಿಕೊಡೋಣ ಅಂದುಕೊಂಡರೆ ಯಾವುದು ಮೂಲಕ್ಕೆ ಹತ್ತಿರ, ಯಾವುದು ಬರೀ ಹೊಡೆದಾಟ ಅಂತ ತಿಳಿಯುತ್ತಿಲ್ಲ. ನಮ್ಮ ಅತ್ತೆ ಪ್ರತಿ ಎಪಿಸೋಡಿಗೂ 'ಕಥೆ ಹೀಗಿಲ್ಲ' ಅನ್ನುತ್ತಾರೆ. ನೀವೆಲ್ಲ ಹೇಗೆ ಆರಿಸಿದಿರಿ?"

ಮೈಸೂರಿನಿಂದ, ಇಬ್ಬರು ಹುಡುಗರ ತಾಯಿ:
ನಾನು ಮೊದಮೊದಲು ವೇಷ, ಕಿರೀಟ, ಊರಿನ ಹೆಸರು ಸರಿ ಇದೆಯಾ ಅಂತ ನೋಡುತ್ತಿದ್ದೆ. ಅದರಿಂದ ಏನೂ ಗೊತ್ತಾಗಲಿಲ್ಲ. ಈಗ ಒಂದೇ ಕೆಲಸ ಮಾಡುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವ ಒಂದು ಪ್ರಸಂಗ ಹುಡುಕಿ, ಮಕ್ಕಳು ಮಲಗಿದ ಮೇಲೆ ಅದೊಂದನ್ನೇ ನೋಡುತ್ತೇನೆ. ಕೃಷ್ಣನ ಸೀರೀಸ್ ಆದರೆ ಕಾಳಿಂಗ ಮರ್ದನ. ಎಲ್ಲರೂ ಮಾಡೇ ಮಾಡುತ್ತಾರೆ, ಹಾಗಾಗಿ ಹೋಲಿಸುವುದು ಸುಲಭ.

ನೋಡುವುದು ಮೂರೇ. ಕಾಳಿಂಗ ಆ ಮಡುವಿಗೆ ಯಾಕೆ ಬಂದ ಅಂತ ಹೇಳುತ್ತಾರಾ? ಅವನ ಹೆಂಡತಿಯರು ಬಂದು ಬೇಡಿಕೊಳ್ಳುತ್ತಾರಾ? ಕೊನೆಗೆ ಅವನು ಸಾಯುತ್ತಾನಾ, ಹೊರಟುಹೋಗುತ್ತಾನಾ? ಫೋನಿನಲ್ಲಿ ಸಿಕ್ಕ ಒಂದು ಹತ್ತು ನಿಮಿಷದ ವಿಡಿಯೋದಲ್ಲಿ ಕೃಷ್ಣ ತಲೆ ಮೇಲೆ ಹಾರಿದ, ಬೆಳಕು ಸಿಡಿಯಿತು, ಹಾವು ಹೊಗೆಯಾಗಿ ಹೋಯಿತು. ಎಲ್ಲರೂ ಚಪ್ಪಾಳೆ. ನನ್ನ ಚಿಕ್ಕವನು ಕೇಳಿದ್ದು, "ಅಮ್ಮಾ, ಹಾವಿನ ಮರಿಗಳು ಎಲ್ಲಿ ಹೋದವು?" ಅವನ ಅಜ್ಜಿ ಹೇಳಿದ ಕಥೆಯಲ್ಲಿ ಮರಿಗಳಿದ್ದವು, ಅಲ್ವಾ.

ತುಮಕೂರಿನಿಂದ, ಒಬ್ಬ ತಂದೆ:
ಇಷ್ಟೆಲ್ಲ ಯಾಕೆ ಮೇಡಂ, ಛೋಟಾ ಭೀಮ್ ಹಾಕಿಕೊಡಿ. ಮಹಾಭಾರತದ ಭೀಮನ ಬಾಲ್ಯವೇ ಅದು. ಲಡ್ಡು ತಿಂದು ಶಕ್ತಿ ಬರುವುದೂ ಮೂಲದಲ್ಲೇ ಇದೆ. ನನ್ನ ಮಗಳು ಅದನ್ನೇ ನೋಡಿ ಬೆಳೆದಳು.

ಸಾಗರದಿಂದ, ನಿವೃತ್ತ ಕನ್ನಡ ಮೇಷ್ಟ್ರು:
ತುಮಕೂರಿನವರು ಹೇಳಿದ್ದರಲ್ಲಿ ಅರ್ಧ ಸರಿ. ಹೆಸರು, ತಿನ್ನುವ ಆಸೆ, ತೋಳಿನ ಬಲ, ಇಷ್ಟು ಭೀಮನದು. ಢೋಲಕ್‌ಪುರ, ರಾಜಾ ಇಂದ್ರವರ್ಮ, ಚುಟ್ಕಿ ಇವೆಲ್ಲ 2008ರಲ್ಲಿ ಹೈದರಾಬಾದಿನ ಗ್ರೀನ್ ಗೋಲ್ಡ್‌ನವರು ಕಟ್ಟಿದ ಲೋಕ. ಅದರಲ್ಲಿ ತಪ್ಪೇನಿಲ್ಲ. ಮಹಾಭಾರತ ಅಂದುಕೊಂಡು ನೋಡಬಾರದು, ಅಷ್ಟೇ. ನನ್ನ ಮೊಮ್ಮಗಳು ಬಹಳ ದಿನ ಕೃಷ್ಣ ತುಳಿದದ್ದು ಭೀಮನ ಜೊತೆ ಜಗಳ ಆಡುವ ಆ ದಪ್ಪ ಹುಡುಗ ಕಾಲಿಯಾನನ್ನೇ ಅಂದುಕೊಂಡಿದ್ದಳು.

ಲಡ್ಡು ಮೂಲದಲ್ಲಿಲ್ಲ. ಅಲ್ಲಿರುವ ಕಥೆ ಇನ್ನೂ ಚೆನ್ನಾಗಿದೆ. ಗಂಗೆಯ ದಡದಲ್ಲಿ ದುರ್ಯೋಧನ ಊಟದಲ್ಲಿ ವಿಷ ಬೆರೆಸುತ್ತಾನೆ. ಮೈಮರೆತು ಮಲಗಿದ ಭೀಮನನ್ನು ಬಳ್ಳಿಗಳಿಂದ ಕಟ್ಟಿ ನೀರಿಗೆ ನೂಕುತ್ತಾನೆ. ಕೆಳಗೆ ನಾಗಲೋಕದ ಹಾವುಗಳು ಕಚ್ಚಿದಾಗ ಒಂದು ವಿಷಕ್ಕೆ ಇನ್ನೊಂದು ವಿಷ ತಗುಲಿ ಭೀಮನಿಗೆ ಎಚ್ಚರವಾಗುತ್ತದೆ. ವಾಸುಕಿ ಅವನಿಗೆ ರಸ ಕುಡಿಯಲು ಬಿಡುತ್ತಾನೆ. ಒಂದೊಂದು ಕುಂಡಕ್ಕೆ ಸಾವಿರ ಆನೆಯ ಬಲ. ಇವನು ಎಂಟು ಕುಂಡ ಮುಗಿಸಿ ನಿದ್ದೆ ಹೋಗುತ್ತಾನೆ. ಲಡ್ಡುವಿಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಇಲ್ಲಿ ಬಲ ಬಂದದ್ದು ಕೊಲ್ಲಲು ನೋಡಿದ ದಾಯಾದಿಯ ದೆಸೆಯಿಂದ. ಒಂಬತ್ತು ವರ್ಷದವನಿಗೆ ಇದನ್ನು ಹೇಳಬಹುದು. ಐದರವಳಿಗೆ ಬೇಡ.

ಇನ್ನು ಮೈಸೂರಿನ ತಾಯಿ ಹೇಳಿದ ಕಾಳಿಂಗನ ಪರೀಕ್ಷೆ. ಭಾಗವತದಲ್ಲಿ ಅವನು ಸಾಯುವುದಿಲ್ಲ. ಗರುಡನಿಗೆ ಕೊಡಬೇಕಾದ ಬಲಿಯನ್ನು ಕೊಡದೆ, ಅವನ ಜೊತೆ ಕಾದಾಡಿ ಸೋತು ರಮಣಕ ದ್ವೀಪದಿಂದ ಓಡಿಬಂದವನು. ಗರುಡ ಯಮುನೆಯ ಆ ಮಡುವಿಗೆ ಬರುವ ಹಾಗಿಲ್ಲ, ಸೌಭರಿ ಋಷಿಯ ಶಾಪ ಇದೆ. ಅದಕ್ಕೇ ಅಲ್ಲಿ ಬಂದು ಅಡಗಿದ. ಅಂದರೆ ಊರಿಗೆ ವಿಷ ಹರಡಿದವನು ತಾನೇ ಹೆದರಿ ಕೂತವನು. ಕೃಷ್ಣ ಹೆಡೆಗಳ ಮೇಲೆ ಕುಣಿದಾಗ ನಾಗಪತ್ನಿಯರು ಮಕ್ಕಳನ್ನು ಮುಂದೆ ಮಾಡಿಕೊಂಡು ಬೇಡುತ್ತಾರೆ. ಆಮೇಲೆ ಕಾಳಿಂಗನೇ ಮಾತಾಡುತ್ತಾನೆ: ನಾವು ಹುಟ್ಟಿನಿಂದಲೇ ಸಿಟ್ಟಿನವರು, ಸ್ವಭಾವ ಬಿಡುವುದು ಕಷ್ಟ, ಹಾಗೆ ಹುಟ್ಟಿಸಿದವನು ನೀನೇ. ಎಂಥ ಮಾತು! ಕೃಷ್ಣ ಅವನಿಗೆ ಸಂಸಾರ ಸಮೇತ ಸಮುದ್ರಕ್ಕೆ ಹೋಗು ಅನ್ನುತ್ತಾನೆ. ತಲೆಯ ಮೇಲೆ ಕೃಷ್ಣನ ಹೆಜ್ಜೆಗುರುತು ಇರುವುದರಿಂದ ಇನ್ನು ಗರುಡ ಮುಟ್ಟುವುದಿಲ್ಲ.

ಹೆಜ್ಜೆಗುರುತಿನ ಮಾತು ಒಂದು ಇದ್ದರೂ ಸಾಕು, ಆ ಸೀರೀಸ್ ಬರೆದವರು ಓದಿ ಬರೆದಿದ್ದಾರೆ ಅಂತ ನಾನು ನಂಬುತ್ತೇನೆ. ಉಳಿದ ಕಡೆ ಅವರು ಹಾಡು ಹಾಕಲಿ, ಕೋತಿ ಕುಣಿಸಲಿ, ತಕರಾರಿಲ್ಲ. ಯಕ್ಷಗಾನದಲ್ಲೂ ಹಾಸ್ಯಗಾರ ಮೂಲದಲ್ಲಿಲ್ಲದ್ದು ಎಷ್ಟು ಹೇಳುವುದಿಲ್ಲ?

ಸಿಂಗಪುರದಿಂದ:
ನನ್ನ ಕಷ್ಟ ಬೇರೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದಿಲ್ಲ. ಕಾರ್ಟೂನಿನಿಂದ ಕನ್ನಡ ಬರಲಿ ಅಂತ ಡಬ್ಬಿಂಗ್ ಇರುವುದನ್ನೇ ಹುಡುಕುತ್ತೇನೆ. ಆದರೆ ಎಷ್ಟೋ ಕಡೆ ಐದು ವರ್ಷದ ಕೃಷ್ಣನೂ "ನಾನು ನಿಮ್ಮನ್ನು ರಕ್ಷಿಸುವೆನು" ಅಂತ ಮಾತಾಡುತ್ತಾನೆ. ಮೊನ್ನೆ ಮಗಳು ಊರಿಗೆ ಫೋನ್ ಮಾಡಿ ಅಜ್ಜಿಗೆ "ನಾನು ಭೋಜನ ಸ್ವೀಕರಿಸಿದೆನು" ಅಂದಳು. ಅಜ್ಜಿ ನಕ್ಕೂ ನಕ್ಕೂ ಸುಸ್ತು. ನಿಮ್ಮಲ್ಲಿ ಯಾರಾದರೂ ಮನೆಮಾತಿನ ಕನ್ನಡ ಇರುವ ಸೀರೀಸ್ ನೋಡಿದ್ದೀರಾ?

ಮೈಸೂರಿನ ತಾಯಿ:
ಪುರಾಣದ್ದರಲ್ಲಿ ನನಗೂ ಸಿಕ್ಕಿಲ್ಲ. ಮಗಳು ತುಂಬ ಚಿಕ್ಕವಳಾದರೆ ಮೈಟಿ ಲಿಟಲ್ ಭೀಮ್ ನೋಡಬಹುದು, ಅದರಲ್ಲಿ ಮಾತೇ ಇಲ್ಲ ಅನ್ನಬಹುದು. ನೀವೇ ಪಕ್ಕ ಕೂತು ಕನ್ನಡದಲ್ಲಿ ಮಾತಾಡಿಸಿ. ಪುರಾಣಕ್ಕೂ ಅದಕ್ಕೂ ಸಂಬಂಧ ಕಡಿಮೆ, ಅದು ಬೇರೆ ಮಾತು.

ಸೀರೀಸ್ ಹೆಸರು ಕೇಳಿದವರಿಗೆ: ಕೃಷ್ಣನ ಕಥೆಗೆ ನಾನು 2009ರ ಲಿಟಲ್ ಕೃಷ್ಣದಿಂದ ಶುರು ಮಾಡಿದೆ. ಹದಿಮೂರೇ ಎಪಿಸೋಡು. ಬೆಂಗಳೂರಿನ ಇಸ್ಕಾನ್ ಬಳಗದವರು ಜೊತೆಯಲ್ಲಿ ನಿಂತು ಮಾಡಿಸಿದ್ದು. ಹಾಗಾಗಿ ಭಕ್ತಿ ಜಾಸ್ತಿ, ಕೃಷ್ಣ ದೇವರೇ ಅನ್ನುವುದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಬೆಣ್ಣೆ ಕದಿಯುವ ತುಂಟತನವೂ ಇದೆ. ಇದರ ಎದುರು ತುದಿ ರೋಲ್ ನಂಬರ್ 21. ಅದರಲ್ಲಿ ಕೃಷ್ಣ ಈ ಕಾಲದ ಶಾಲೆ ಹುಡುಗ, ಕಂಸ ಪ್ರಿನ್ಸಿಪಾಲ್. ಮೂಲ ಅಂತ ಸೋಗೇ ಹಾಕುವುದಿಲ್ಲ, ಹಾಗಾಗಿ ನನಗೆ ಅದರ ಮೇಲೆ ಸಿಟ್ಟಿಲ್ಲ. ಸಿಟ್ಟು ಬರುವುದು ಮೊದಲಿಗೆ ಶ್ಲೋಕ ಹಾಕಿ, ಶಂಖ ಊದಿಸಿ, ಆಮೇಲೆ ಮನಬಂದಂತೆ ಕಥೆ ಕಟ್ಟುವವರ ಮೇಲೆ.

ಹುಬ್ಬಳ್ಳಿಯಿಂದ:
ನಮ್ಮ ಹುಡುಗ ಹನುಮಂತನ ಕಾರ್ಟೂನು ನೋಡಿ ಮಂಚದಿಂದ ಹಾರಿ ಹಲ್ಲು ಮುರಿದುಕೊಂಡ. ಈಗ ಗದೆ ಬೇಕು ಅಂತ ಹಟ. ಪ್ಲಾಸ್ಟಿಕ್ ಗದೆ ಎರಡೇ ದಿನಕ್ಕೆ ಒಡೆಯುತ್ತದೆ. ಬಟ್ಟೆಯದು ಎಲ್ಲಿ ಸಿಗುತ್ತದೆ, ಯಾರಾದರೂ ಹೇಳಿ.

ಸಾಗರದ ಮೇಷ್ಟ್ರು:
ಗದೆಯ ವಿಷಯ ನನಗೆ ಗೊತ್ತಿಲ್ಲ, ಆದರೆ ಹನುಮಂತನಿಗೂ ಒಂದು ಪರೀಕ್ಷೆ ಇದೆ. ಅವನು ರಾಮನನ್ನು ಮೊದಲು ಕಾಣುವ ದೃಶ್ಯ ನೋಡಿ. ವಾಲ್ಮೀಕಿಯಲ್ಲಿ ಹನುಮಂತ ಭಿಕ್ಷುವಿನ ವೇಷದಲ್ಲಿ ಬಂದು ಮಾತಾಡುತ್ತಾನೆ. ರಾಮ ಮೆಚ್ಚುವುದು ಅವನ ಮಾತನ್ನು. ಇಷ್ಟು ಹೊತ್ತು ಮಾತಾಡಿದರೂ ಒಂದೂ ತಪ್ಪು ಶಬ್ದ ಬರಲಿಲ್ಲ, ವ್ಯಾಕರಣ ಚೆನ್ನಾಗಿ ಓದಿದವನಿರಬೇಕು ಅಂತ ಲಕ್ಷ್ಮಣನಿಗೆ ಹೇಳುತ್ತಾನೆ. ಕಾರ್ಟೂನಿನಲ್ಲಿ ಇದೇ ಜಾಗದಲ್ಲಿ ಒಂದು ಕುಸ್ತಿ ಬಂದರೆ, ಮುಂದೆ ಅವನು ಬಾಲ ಮತ್ತು ಗದೆ ಮಾತ್ರ. ನಿಮ್ಮ ಹುಡುಗ ಹಾರಿದ್ದರಲ್ಲಿ ಆಶ್ಚರ್ಯವಿಲ್ಲ ಬಿಡಿ, ಹನುಮಂತನೇ ಮಗುವಾಗಿದ್ದಾಗ ಸೂರ್ಯನ ಕಡೆ ಹಾರಿ ದವಡೆ ಮುರಿದುಕೊಂಡವನು.

ಬೆಂಗಳೂರಿನಿಂದ, ಆರು ವರ್ಷದವಳ ತಂದೆ:
2021ರಿಂದ ಬಂದ ದಿ ಲೆಜೆಂಡ್ ಆಫ್ ಹನುಮಾನ್ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ತುಂಬ ಹಿಡಿಸಿತು. ತನ್ನ ಬಲ ತನಗೇ ಗೊತ್ತಿಲ್ಲದ ಹನುಮಂತನನ್ನು ನಿಧಾನವಾಗಿ ಬೆಳೆಸಿದ್ದಾರೆ. ಆದರೆ ಬಣ್ಣವೆಲ್ಲ ಕಪ್ಪು, ಕೆಂಪು. ಯುದ್ಧ ಜಾಸ್ತಿ, ರಾಕ್ಷಸರು ನಿಜಕ್ಕೂ ಹೆದರಿಸುತ್ತಾರೆ. ದೊಡ್ಡ ಮಕ್ಕಳಿಗೆ ಸರಿ.

ಧ್ವನಿ ನೋಡಲು ನನ್ನದೊಂದು ಉಪಾಯ. ಟಿವಿಗೆ ಬೆನ್ನು ಹಾಕಿ ಐದು ನಿಮಿಷ ಬರೀ ಕೇಳಿ. ಕಿರುಚಾಟ, ಡಮಾರ್, ಗಹಗಹ ನಗು ಬಿಟ್ಟು ಬೇರೇನೂ ಕೇಳಿಸದಿದ್ದರೆ ಅದನ್ನು ಬಿಡಿ. ಇನ್ನೊಂದು, ಕೆಟ್ಟವರೆಲ್ಲ ಕಪ್ಪು ಮೈ, ದಪ್ಪ ಹೊಟ್ಟೆ, ಒಳ್ಳೆಯವರೆಲ್ಲ ಬೆಳ್ಳಗೆ ಇದ್ದಾರಾ ನೋಡಿ. ನನ್ನ ಮಗಳು ಒಂದು ಸೀರೀಸ್ ನೋಡಿದ ಮೇಲೆ ನಮ್ಮ ಮನೆಗೆ ಬಂದ ಒಬ್ಬರನ್ನು ತೋರಿಸಿ "ಅಪ್ಪಾ, ಅಸುರ" ಅಂದಳು. ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಕೃಷ್ಣ ಅಂದರೆ ಕಪ್ಪು ಅಂತಲೇ ಅರ್ಥ ಅಂತ ಅವಳಿಗೆ ಹೇಳಿದರೆ ನಂಬಲಿಲ್ಲ, ಟಿವಿಯಲ್ಲಿ ಅವನು ತಿಳಿನೀಲಿ.

ದಾವಣಗೆರೆಯ ತಾಯಿ:
ಎಲ್ಲರಿಗೂ ಥ್ಯಾಂಕ್ಸ್. ಜನಪದ ಕಥೆಗಳಿಗೆ ಏನು ಪರೀಕ್ಷೆ? ಪುಣ್ಯಕೋಟಿಯದೇ ನಾಲ್ಕಾರು ವಿಡಿಯೋ ಸಿಕ್ಕಿವೆ. ಒಂದರಲ್ಲಿ ಹುಲಿ ಸಾಯುವುದೇ ಇಲ್ಲ, ಹಸುವಿಗೆ ಕೈ ಮುಗಿದು ಕಾಡಿಗೆ ಹೋಗುತ್ತದೆ. ಅತ್ತೆ ರೇಗಿದರು.

ಮೈಸೂರಿನ ತಾಯಿ:
ನಿಮ್ಮ ಅತ್ತೆ ಹೇಳಿದ್ದು ಹಾಡಿನ ಪ್ರಕಾರ ಸರಿ, ಅರ್ಬುತ ಸಾಯುತ್ತಾನೆ. ಆದರೆ ನಾನು ಕೊನೆಗಿಂತ ನಡುವನ್ನು ನೋಡುತ್ತೇನೆ. ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬಂದ ಹಸುವನ್ನು ಕರು ಕೇಳುತ್ತದಲ್ಲ, ಇನ್ನು ಯಾರ ಮೊಲೆ ಕುಡಿಯಲಿ, ಯಾರ ಬಳಿ ಮಲಗಲಿ ಅಂತ. ಆಮೇಲೆ ಹಸು ಉಳಿದ ಹಸುಗಳಿಗೆ ಹೇಳುತ್ತದೆ, ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ. ಕಥೆಯ ಜೀವ ಅಲ್ಲೇ ಇದೆ. ಎಷ್ಟೋ ವಿಡಿಯೋಗಳಲ್ಲಿ ಅದಕ್ಕೆ ಅರ್ಧ ನಿಮಿಷವೂ ಇಲ್ಲ, ಹುಲಿ ಗರ್ಜಿಸುವುದಕ್ಕೆ ಎರಡು ನಿಮಿಷ. ನಡುವಿನ ಭಾಗ ಸರಿಯಾಗಿದ್ದರೆ, ಐದು ವರ್ಷದವಳಿಗೆ ಹುಲಿ ಕಾಡಿಗೆ ಹೋಯಿತು ಅಂದರೂ ನನಗೆ ಬೇಜಾರಿಲ್ಲ.

ಸಾಗರದ ಮೇಷ್ಟ್ರು:
ಇದಕ್ಕೆ ನಾನು ಒಪ್ಪುವುದಿಲ್ಲ ತಾಯಿ. ಹುಲಿ ಹಾರಿ ಪ್ರಾಣ ಬಿಡುವುದು ಅದಕ್ಕೆ ನಾಚಿಕೆಯಾದದ್ದರಿಂದ. ಅದನ್ನು ತೆಗೆದರೆ ಹಸುವಿನ ಸತ್ಯಕ್ಕೆ ಎದುರು ಏನೂ ನಿಲ್ಲುವುದಿಲ್ಲ. ನಾನು ಪಾಠ ಮಾಡಿದ ಅಷ್ಟು ವರ್ಷದಲ್ಲಿ ಮಕ್ಕಳು ಅತ್ತದ್ದು ಹಸುವಿಗಾಗಿ ಅಲ್ಲ, ಆ ಹುಲಿಗಾಗಿ.

ಮೈಸೂರಿನ ತಾಯಿ:
ನಿಮ್ಮ ಮಕ್ಕಳು ಮೂರನೇ ಕ್ಲಾಸಿನವರು ಮೇಷ್ಟ್ರೇ. ಐದು ವರ್ಷದವಳು ರಾತ್ರಿ ಎದ್ದು ಅತ್ತರೆ ಎತ್ತಿಕೊಳ್ಳುವವರು ಯಾರು?

ದಾವಣಗೆರೆಯ ತಾಯಿ, ನಾಲ್ಕು ದಿನದ ಮೇಲೆ:
ಕಾಳಿಂಗನ ಎಪಿಸೋಡು ಮೂರು ಕಡೆಯದು ನೋಡಿದೆ. ಎರಡರಲ್ಲಿ ಹೆಂಡತಿಯರು ಬಂದರು, ಯಾಕೆ ಬಂದು ಅಡಗಿದ್ದ ಅನ್ನುವುದು ಒಂದರಲ್ಲೂ ಇಲ್ಲ. ಅದನ್ನು ಅತ್ತೆ ಹೇಳಿದರು. ಈಗ ಒಪ್ಪಂದ ಹೀಗಾಗಿದೆ: ಎಪಿಸೋಡು ಮುಗಿಯುವವರೆಗೆ ಅತ್ತೆ ಮಾತಾಡಬಾರದು, ಮುಗಿದ ಮೇಲೆ ಟಿವಿ ಆರಿಸಿ ಹತ್ತು ನಿಮಿಷ ಅವರದೇ. ಮಗ ಈಗ ಎಪಿಸೋಡಿನ ನಡುವೆಯೇ ಅವರ ಕಡೆ ತಿರುಗಿ "ಇದು ಸುಳ್ಳಾ ಅಜ್ಜಿ?" ಅಂತ ಕಣ್ಣಲ್ಲೇ ಕೇಳುತ್ತಾನೆ. ಪುಣ್ಯಕೋಟಿ ಇನ್ನೂ ಹಾಕಿಲ್ಲ.